ಕೆಂಪು ದೀಪದಲ್ಲಿ ಮಾಯವಾಗುವ ವಾಹನಗಳು: ಓಪನ್‌ಸಿವಿ ಎಣಿಕೆ ತಪ್ಪಿದಾಗ ಎಲ್ಲಿ ನೋಡಬೇಕು

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಓದಲು ಬಂದವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಚೌಕದ ವಾಹನ ದಟ್ಟಣೆಯನ್ನು ಆರಿಸಿಕೊಳ್ಳುವುದು ಸಹಜ. ದಿನಾ ಕಾಲೇಜಿಗೆ ಹೋಗುವಾಗ ಅವರು ಸಿಕ್ಕಿಹಾಕಿಕೊಳ್ಳುವುದೇ ಅಲ್ಲಿ. ಕ್ಯಾಮೆರಾ ಅಲುಗಾಡದೆ ಒಂದೇ ಕಡೆ ನೋಡುತ್ತಿದ್ದರೆ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯ `createBackgroundSubtractorMOG2` ಬಳಸಿ ಓಡುವ ವಾಹನಗಳನ್ನು ಅಲುಗಾಡದ ಹಿನ್ನೆಲೆಯಿಂದ ಬೇರ್ಪಡಿಸಿ, ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಎಳೆದು, ದಾಟಿದ ವಾಹನಗಳನ್ನು ಎಣಿಸುವುದು ಎಲ್ಲಕ್ಕಿಂತ ಸರಳವಾದ ದಾರಿ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಇದು ನಡೆಯುತ್ತದೆ. ಹೆದ್ದಾರಿಯ ವಿಡಿಯೊದಲ್ಲಿ ಚೆನ್ನಾಗಿ ಎಣಿಸುವ ಇದೇ ಪ್ರೋಗ್ರಾಂ ಸಿಗ್ನಲ್ ಇರುವ ಚೌಕಕ್ಕೆ ಬಂದ ಕೂಡಲೇ ತಪ್ಪತೊಡಗುತ್ತದೆ. ಹೆದ್ದಾರಿಯಲ್ಲಿ ವಾಹನಗಳು ನಿಲ್ಲುವುದಿಲ್ಲ, ಚೌಕದಲ್ಲಿ ನಿಲ್ಲುತ್ತವೆ. ತಪ್ಪಿನ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ. ಆದರೂ ಅಲ್ಲಿಗೆ ಹೋಗುವ ಮೊದಲು ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕು.

ಇಲ್ಲಿನ ಲೆಕ್ಕಗಳೆಲ್ಲ ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಹೇಳಿದವು. ನಿಮ್ಮದು 30 ಆಗಿದ್ದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

## ಮೊದಲು ಕೈಯೆಣಿಕೆ

ಪ್ರೋಗ್ರಾಂ ತಪ್ಪುತ್ತಿದೆ ಎಂದು ಹೇಳಲು ಸರಿಯಾದ ಸಂಖ್ಯೆ ಮೊದಲು ಕೈಯಲ್ಲಿರಬೇಕು. ವಿಡಿಯೊದಲ್ಲಿ ಹತ್ತು ನಿಮಿಷದ ತುಂಡೊಂದನ್ನು ಆರಿಸಿ. ಇಬ್ಬರು ಬೇರೆ ಬೇರೆಯಾಗಿ ಕುಳಿತು, ನಿಧಾನವಾಗಿ ಓಡಿಸಿ, ಐದೈದರ ಗೀಟು ಹಾಕುತ್ತ ಎಣಿಸಿ. ಇಬ್ಬರ ಲೆಕ್ಕ ಹೊಂದದಿದ್ದರೆ ಅದನ್ನು ಮೊದಲು ಬಗೆಹರಿಸಿ. ಪುಣೆಯ ತಂಡಗಳಲ್ಲಿ ಇದಕ್ಕೆ ಒಂದು ವಿಚಿತ್ರ ಕಾರಣವೂ ಇರುತ್ತದೆ. ಒಬ್ಬರಿಗೆ ‘ಗಾಡಿ’ ಎಂದರೆ ಸ್ಕೂಟರು, ಬೈಕು ಮಾತ್ರ. ಇನ್ನೊಬ್ಬರಿಗೆ ರಸ್ತೆಯ ಮೇಲೆ ಓಡುವುದೆಲ್ಲ ಗಾಡಿಯೇ. ಹಾಳೆಯ ಮೇಲೆ ದ್ವಿಚಕ್ರ, ರಿಕ್ಷಾ, ಕಾರು, ಬಸ್ಸು-ಲಾರಿ ಎಂದು ನಾಲ್ಕು ಕಾಲಂ ಎಳೆದು ಶುರು ಮಾಡಿದರೆ ಈ ಗೊಂದಲ ಬರುವುದಿಲ್ಲ.

ಒಟ್ಟು ಮೊತ್ತವನ್ನಷ್ಟೇ ಬರೆದಿಡಬೇಡಿ. ಸಿಗ್ನಲಿನ ಒಂದೊಂದು ಸುತ್ತಿಗೂ ಬೇರೆ ಲೆಕ್ಕ ಇಡಿ. ಮೂರು ಸುತ್ತುಗಳಲ್ಲಿ ಕೈಯೆಣಿಕೆ 48, 52, 50 ಬಂತು, ಪ್ರೋಗ್ರಾಂ 61, 37, 53 ಕೊಟ್ಟಿತು ಎಂದಿಟ್ಟುಕೊಳ್ಳಿ. ಮೊತ್ತ ನೋಡಿದರೆ 150ಕ್ಕೆ 151, ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಸುತ್ತುಗಳನ್ನು ನೋಡಿದರೆ ಮೊದಲನೆಯದರಲ್ಲಿ 13 ಹೆಚ್ಚು, ಎರಡನೆಯದರಲ್ಲಿ 15 ಕಡಿಮೆ. ಎರಡು ತಪ್ಪುಗಳು ಒಂದನ್ನೊಂದು ನುಂಗಿಕೊಂಡಿವೆ. ಚೌಕದ ದಟ್ಟಣೆಯನ್ನು ಸುತ್ತಿನ ಲೆಕ್ಕದಲ್ಲೇ ಅಳೆಯಬೇಕಾಗಿರುವುದರಿಂದ ಈ ಪ್ರೋಗ್ರಾಂ ನಿಮಗೆ ಉಪಯೋಗವಿಲ್ಲ.

## ಲಕ್ಷಣ: ಎಣಿಕೆ ಸೊನ್ನೆಯಲ್ಲೇ ನಿಂತಿದೆ, ಅಥವಾ ಶುರುವಾಗುತ್ತಲೇ ದೋಷ ಬರುತ್ತದೆ

`!_src.empty()` ಎಂಬ ಮಾತಿರುವ ದೋಷ ಬಂದರೆ ಫ್ರೇಮ್ ಖಾಲಿಯಾಗಿ ಬಂದಿದೆ ಎಂದರ್ಥ. ಕಡತದ ದಾರಿ ತಪ್ಪಿರಬಹುದು, ವಿಡಿಯೊ ತೆರೆಯಲು ಬೇಕಾದ ಕೋಡೆಕ್ ಇಲ್ಲದಿರಬಹುದು, ಇಲ್ಲವೇ ವಿಡಿಯೊ ಮುಗಿದ ಮೇಲೂ ಲೂಪ್ ಓಡುತ್ತಿರಬಹುದು. `VideoCapture` ಕಡತ ಸಿಗದಿದ್ದರೂ ಬಾಯಿಬಿಡುವುದಿಲ್ಲ. `cap.isOpened()` ಏನು ಹೇಳುತ್ತದೆ ಎಂದು ನೀವೇ ಕೇಳಬೇಕು, ಪ್ರತಿ `read()` ಆದ ಮೇಲೂ ಮೊದಲ ಉತ್ತರ `True` ಇದೆಯೇ ಎಂದು ನೋಡಬೇಕು.

`not enough values to unpack (expected 3, got 2)` ಎಂದು ಬಂದರೆ ಹಳೆಯ ಕೋಡನ್ನು ನಕಲು ಮಾಡಿದ್ದೀರಿ. `findContours` ಓಪನ್‌ಸಿವಿ 3ರಲ್ಲಿ ಮೂರು ಉತ್ತರ ಕೊಡುತ್ತಿತ್ತು, 4ರಲ್ಲಿ ಎರಡೇ ಕೊಡುತ್ತದೆ. ಕಿಟಕಿ ತೆರೆದು ಬರೀ ಬೂದು ಬಣ್ಣ ಕಂಡರೆ `waitKey` ಮರೆತಿರಬಹುದು. `imshow` ಕೆಲಸವೇ ಮಾಡದಿದ್ದರೆ `opencv-python-headless` ಹಾಕಿಕೊಂಡಿದ್ದೀರಾ ನೋಡಿ, ಅದರಲ್ಲಿ ಕಿಟಕಿ ತೋರಿಸುವ ಭಾಗವೇ ಇಲ್ಲ.

ಮುಂದೆ ಹೋಗುವ ಮೊದಲು ಮೂರು ಕಿಟಕಿಗಳನ್ನು ಪಕ್ಕಪಕ್ಕ ತೆರೆದಿಡಿ: ಮೂಲ ಫ್ರೇಮ್, ವಾಹನವನ್ನು ಬೆಳ್ಳಗೂ ರಸ್ತೆಯನ್ನು ಕಪ್ಪಗೂ ತೋರಿಸುವ ಮಾಸ್ಕ್, ಮತ್ತು `mog.getBackgroundImage()` ಕೊಡುವ ಹಿನ್ನೆಲೆ ಚಿತ್ರ. ಮೂರನೆಯದನ್ನು ಹೆಚ್ಚಿನವರು ತೆರೆದು ನೋಡುವುದೇ ಇಲ್ಲ. ಈ ಕೈಪಿಡಿಯ ಮುಖ್ಯ ರೋಗ ಕಾಣಿಸುವುದು ಅದರಲ್ಲೇ.

## ಲಕ್ಷಣ: ವಾಹನಗಳು ತೆವಳುವಾಗ ಎಣಿಕೆ ಹಿಗ್ಗುತ್ತದೆ, ಓಡುವಾಗ ಕುಗ್ಗುತ್ತದೆ

ಎಣಿಕೆ ಏರಿದಾಗಲೆಲ್ಲ ಗೆರೆಯ ಬಣ್ಣ ಬದಲಾಗುವಂತೆ ಮಾಡಿ ನೋಡಿ. ಒಂದೇ ಬಸ್ಸು ಗೆರೆ ದಾಟುವಷ್ಟರಲ್ಲಿ ಸಂಖ್ಯೆ ಟಕಟಕ ಏರಿದರೆ ಕಾರಣ ಇದು: ವಿದ್ಯಾರ್ಥಿಗಳಲ್ಲಿ ಕೈಯಿಂದ ಕೈಗೆ ಹೋಗುವ ಕೋಡಿನಲ್ಲಿ ‘ವಾಹನದ ಮಧ್ಯಬಿಂದು ಗೆರೆಯಿಂದ 6 ಪಿಕ್ಸೆಲ್ ಒಳಗಿದ್ದರೆ ಒಂದು ಕೂಡಿಸು’ ಎಂದಿರುತ್ತದೆ. ಅಂದರೆ ನೀವು ಎಳೆದದ್ದು ಗೆರೆ ಅಲ್ಲ, 12 ಪಿಕ್ಸೆಲ್ ಅಗಲದ ಪಟ್ಟಿ.

ಈ ಪಟ್ಟಿ ಏನು ಮಾಡುತ್ತದೆಂದು ಲೆಕ್ಕ ಹಾಕೋಣ. ಫುಟ್‌ಪಾತಿನ ಮೇಲೆ ಟೇಪ್ ಹಿಡಿದು, ರಸ್ತೆ ಸಾಗುವ ದಿಕ್ಕಿನಲ್ಲೇ 10 ಮೀಟರ್ ಅಂತರಕ್ಕೆ ಎರಡು ಗುರುತು ಮಾಡಿ. ವಿಡಿಯೊದಲ್ಲಿ ಅವುಗಳ ನಡುವೆ 200 ಪಿಕ್ಸೆಲ್ ಇದ್ದರೆ ಒಂದು ಮೀಟರಿಗೆ 20 ಪಿಕ್ಸೆಲ್. ದಟ್ಟಣೆಯಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ತೆವಳುವ ಕಾರು ಸೆಕೆಂಡಿಗೆ 1.4 ಮೀಟರ್, ಫ್ರೇಮಿಗೆ ಸುಮಾರು 1.1 ಪಿಕ್ಸೆಲ್ ಸರಿಯುತ್ತದೆ. ಪಟ್ಟಿ ದಾಟಲು ಅದಕ್ಕೆ ಹನ್ನೊಂದು ಫ್ರೇಮ್ ಬೇಕು, ಆದ್ದರಿಂದ ಹನ್ನೊಂದು ಸಲ ಎಣಿಕೆಯಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಕಾರು ಫ್ರೇಮಿಗೆ 9 ಪಿಕ್ಸೆಲ್ ಹೋಗುತ್ತದೆ, ಒಂದೋ ಎರಡೋ ಸಲ ಸಿಗುತ್ತದೆ. ವೇಗ ಹೆಚ್ಚಲೆಂದು ಮೂರರಲ್ಲಿ ಒಂದೇ ಫ್ರೇಮ್ ಓದುವಂತೆ ಮಾಡಿದ್ದರೆ ಅದೇ ಕಾರು ಒಂದು ನೆಗೆತಕ್ಕೆ 27 ಪಿಕ್ಸೆಲ್ ದಾಟುತ್ತದೆ. ಆಗ ಅರ್ಧಕ್ಕಿಂತ ಹೆಚ್ಚು ಕಾರುಗಳು ಪಟ್ಟಿಗೆ ಕಾಲಿಡದೆಯೇ ಹಾರಿಹೋಗುತ್ತವೆ. ಪಟ್ಟಿಯ ಅಗಲವನ್ನು ಎಷ್ಟು ತಿದ್ದಿದರೂ ಎರಡೂ ವೇಗಕ್ಕೆ ಒಗ್ಗುವ ಸಂಖ್ಯೆ ಸಿಗುವುದಿಲ್ಲ.

ಆ ಕೋಡಿನಲ್ಲಿ ಎಣಿಸಿದ ಬಿಂದುವನ್ನು ಬಿಂದುಗಳ ಲಿಸ್ಟಿನಿಂದ ತೆಗೆಯುವ ಸಾಲೂ ಸಾಮಾನ್ಯವಾಗಿ ಇರುತ್ತದೆ. ಅದು ಮರು ಎಣಿಕೆಯನ್ನು ತಡೆಯುವುದಿಲ್ಲ, ಏಕೆಂದರೆ ಮುಂದಿನ ಫ್ರೇಮಿನಲ್ಲಿ ಬಿಂದು ಮತ್ತೆ ಹೊಸದಾಗಿ ಸೇರುತ್ತದೆ. ಜೊತೆಗೆ, ಲೂಪ್ ಓಡುತ್ತಿರುವಾಗಲೇ ಅದೇ ಲಿಸ್ಟಿನಿಂದ ತೆಗೆದರೆ ಪೈಥಾನ್ ಮುಂದಿನ ಬಿಂದುವನ್ನು ಬಿಟ್ಟು ಜಿಗಿಯುತ್ತದೆ.

ಪರಿಹಾರ ಒಂದೇ. ಪ್ರತಿ ವಾಹನಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಹಿಂದಿನ ಫ್ರೇಮಿನಲ್ಲಿ ಅದು ಗೆರೆಯ ಆಚೆ ಇತ್ತೇ, ಈಗ ಈಚೆ ಬಂದಿದೆಯೇ ಎಂದು ನೋಡಬೇಕು.

```python
if prev_y.get(tid, cy) < LINE_Y <= cy and tid not in counted:
    counted.add(tid)
    total += 1
prev_y[tid] = cy
```

ಗುರುತಿನ ಸಂಖ್ಯೆ ಕೊಡಲು ಹಿಂದಿನ ಫ್ರೇಮಿನ ಅತಿ ಹತ್ತಿರದ ಮಧ್ಯಬಿಂದುವಿಗೆ ಜೋಡಿಸಿದರೆ ಸಾಕು. ಆದರೆ ಹತ್ತಿರ ಎಂಬುದಕ್ಕೆ ಒಂದು ಮಿತಿ ಬೇಕು. ಅದು ಒಂದು ಫ್ರೇಮಿನಲ್ಲಿ ವಾಹನ ಸರಿಯುವ ದೂರಕ್ಕಿಂತ ಹೆಚ್ಚಿರಬೇಕು, ಅಕ್ಕಪಕ್ಕದ ಎರಡು ಸ್ಕೂಟರುಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಬೇಕು. ಮೇಲಿನ ಲೆಕ್ಕದಲ್ಲಿ 15 ಪಿಕ್ಸೆಲ್ ಒಳ್ಳೆಯ ಆರಂಭ. ಫ್ರೇಮ್ ಬಿಟ್ಟು ಓದಿದರೆ ಎರಡೂ ಮಿತಿಗಳ ನಡುವೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ವೇಗ ಬೇಕಾದರೆ ಫ್ರೇಮ್ ಬಿಡುವ ಬದಲು ಚಿತ್ರವನ್ನು ಚಿಕ್ಕದು ಮಾಡಿ. 640 ಪಿಕ್ಸೆಲ್ ಅಗಲ ಸಾಮಾನ್ಯವಾಗಿ ಸಾಕು.

## ಲಕ್ಷಣ: ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹೆಚ್ಚು, ಮಧ್ಯಾಹ್ನ ಸರಿ

ಇದು ನೆರಳಿನ ಕೆಲಸ. ಸೂರ್ಯ ಇಳಿಜಾರಿನಲ್ಲಿದ್ದಾಗ ಬಸ್ಸಿನ ನೆರಳು ಪಕ್ಕದ ಲೇನಿಗೆ ಚಾಚಿ ಅಲ್ಲಿ ಇನ್ನೊಂದು ವಾಹನವಾಗುತ್ತದೆ. ಎರಡು ಕಾರುಗಳ ನಡುವಿನ ಜಾಗವನ್ನು ನೆರಳು ತುಂಬಿದರೆ ಎರಡೂ ಒಂದಾಗುತ್ತವೆ.

MOG2 ನೆರಳನ್ನು ಗುರುತಿಸಿಯೇ ಕೊಡುತ್ತದೆ. `detectShadows` ಮೊದಲಿನಿಂದಲೇ `True` ಇರುತ್ತದೆ. ಮಾಸ್ಕಿನಲ್ಲಿ ವಾಹನ 255, ನೆರಳು 127, ರಸ್ತೆ 0. ಆದರೆ `findContours` ಸೊನ್ನೆ ಅಲ್ಲದ್ದನ್ನೆಲ್ಲ ಒಂದೇ ಎಂದು ನೋಡುತ್ತದೆ. ನಡುವೆ ಈ ಸಾಲು ಇಲ್ಲದಿದ್ದರೆ ನೆರಳೂ ವಾಹನವೇ:

```python
_, m = cv2.threshold(fg, 200, 255, cv2.THRESH_BINARY)
```

ಇದನ್ನು `dilate`, `morphologyEx` ಮುಂತಾದವುಗಳಿಗಿಂತ ಮೊದಲೇ ಮಾಡಬೇಕು. ಇಷ್ಟಾದ ಮೇಲೂ ಬೂದು ಬಣ್ಣದ ಕಾರುಗಳಲ್ಲಿ ತೂತು ಬೀಳಬಹುದು, ಏಕೆಂದರೆ ಡಾಂಬರಿಗಿಂತ ಸ್ವಲ್ಪವೇ ಕಪ್ಪಾದ ಬಣ್ಣ ಲೆಕ್ಕಕ್ಕೆ ನೆರಳಿನ ಹಾಗೆಯೇ ಕಾಣುತ್ತದೆ. `setShadowThreshold` ಮೂಲ ಬೆಲೆ 0.5; ಅದನ್ನು 0.6 ಅಥವಾ 0.7ಕ್ಕೆ ಏರಿಸಿದರೆ ನೆರಳೆಂದು ಒಪ್ಪಿಕೊಳ್ಳುವ ವ್ಯಾಪ್ತಿ ಕಿರಿದಾಗುತ್ತದೆ, ಕಾರಿನ ತೂತು ಮುಚ್ಚುತ್ತದೆ, ಗಾಢ ನೆರಳು ಮಾತ್ರ ಮತ್ತೆ ಒಳಗೆ ಬರಬಹುದು.

ಕರ್ವೆ ರಸ್ತೆಯ ನಳ ಸ್ಟಾಪ್‌ನಂಥ ಚೌಕದಲ್ಲಿ ಇನ್ನೊಂದು ನೆರಳಿದೆ. ತಲೆಯ ಮೇಲೆ ಮೇಲ್ಸೇತುವೆಯೂ ಮೆಟ್ರೊ ಹಳಿಯೂ ಇರುವುದರಿಂದ ಅವುಗಳ ನೆರಳಿನ ಅಂಚು ದಿನವಿಡೀ ರಸ್ತೆಯ ಮೇಲೆ ಸರಿಯುತ್ತಿರುತ್ತದೆ. ವಾಹನ ಬಿಸಿಲಿನಿಂದ ನೆರಳಿಗೆ ದಾಟುವ ಜಾಗದಲ್ಲೇ ಗೆರೆ ಇದ್ದರೆ ಮಾಸ್ಕಿನಲ್ಲಿ ಅದರ ಬಿಳಿ ಮುದ್ದೆ ಎರಡು ತುಂಡಾಗುತ್ತದೆ. ಗೆರೆಯನ್ನು ಪೂರ್ತಿ ನೆರಳಿನಲ್ಲೋ ಪೂರ್ತಿ ಬಿಸಿಲಿನಲ್ಲೋ ಇಡಿ.

## ಲಕ್ಷಣ: ಕೆಂಪು ದೀಪದಲ್ಲಿ ನಿಂತ ವಾಹನಗಳು ಮಾಸ್ಕಿನಿಂದ ಕರಗಿಹೋಗುತ್ತವೆ

ಸಿಗ್ನಲ್ ಚೌಕದ ನಿಜವಾದ ರೋಗ ಇದು. ನಿಲುಗಡೆ ಗೆರೆಯ ಹಿಂದೆ ನಿಂತ ಕಾರು ಮಾಸ್ಕಿನಲ್ಲಿ ಮೊದಲು ಗಟ್ಟಿಯಾಗಿ ಬೆಳ್ಳಗಿರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ತೂತು ಬೀಳುತ್ತ, ಕೊನೆಗೆ ಕಾಣದಾಗುತ್ತದೆ. ಅದೇ ಹೊತ್ತಿಗೆ ಹಿನ್ನೆಲೆ ಚಿತ್ರದಲ್ಲಿ ಆ ಕಾರು ಮೂಡತೊಡಗುತ್ತದೆ. ಹಸಿರು ಬಿದ್ದು ಕಾರು ಹೊರಟ ಮೇಲೆ ಅದು ನಿಂತಿದ್ದ ಜಾಗದಲ್ಲಿ, ಖಾಲಿ ರಸ್ತೆಯ ಮೇಲೆ, ಕಾರಿನ ಆಕಾರದ ಬಿಳಿ ಮುದ್ದೆ ಕೆಲಹೊತ್ತು ಉಳಿಯುತ್ತದೆ. ಅದರ ಮೇಲಿಂದ ಹೋಗುವ ವಾಹನಗಳೆಲ್ಲ ಆ ಮುದ್ದೆಗೆ ಅಂಟಿ ಒಂದಾಗುತ್ತವೆ. ಹಸಿರಿನ ಮೊದಲ ಕೆಲವು ಸೆಕೆಂಡು, ಅಂದರೆ ಅತಿ ಹೆಚ್ಚು ವಾಹನ ದಾಟುವ ಹೊತ್ತಿನಲ್ಲೇ ಎಣಿಕೆ ಹಾಳಾಗುವುದು ಇದರಿಂದ.

ಹೆಚ್ಚಿನವರು `history=500` ಎಂಬ ಮೂಲ ಬೆಲೆಯನ್ನು ‘500 ಫ್ರೇಮ್ ನಿಂತರೆ ಹಿನ್ನೆಲೆ’ ಎಂದು ಓದುತ್ತಾರೆ. 25 ಫ್ರೇಮಿನ ವಿಡಿಯೊದಲ್ಲಿ ಅದು 20 ಸೆಕೆಂಡು. ಹಾಗಾದರೆ ಎರಡೇ ಸೆಕೆಂಡಿಗೆ ಕಾರು ಏಕೆ ಕರಗುತ್ತದೆ? ಒಳಗೆ ನಡೆಯುವುದು ಹೀಗೆ. ಪ್ರತಿ ಪಿಕ್ಸೆಲಿಗೂ MOG2 ಒಂದಕ್ಕಿಂತ ಹೆಚ್ಚು ಬಣ್ಣಗಳನ್ನು ನೆನಪಿಡುತ್ತದೆ, ಒಂದೊಂದಕ್ಕೂ ತೂಕ ಕೊಡುತ್ತದೆ. ಎಲ್ಲ ತೂಕ ಸೇರಿ 1. ಪ್ರತಿ ಫ್ರೇಮಿನಲ್ಲೂ ಕಂಡ ಬಣ್ಣದ ತೂಕ ಸ್ವಲ್ಪ ಏರುತ್ತದೆ, ಉಳಿದವು 1/500 ಪಾಲು ಇಳಿಯುತ್ತವೆ. ತೂಕದಲ್ಲಿ ದೊಡ್ಡದರಿಂದ ಹಿಡಿದು ಕೂಡಿಸುತ್ತ ಹೋಗಿ ಮೊತ್ತ 0.9 ಮುಟ್ಟುವವರೆಗಿನ ಬಣ್ಣಗಳೆಲ್ಲ ಹಿನ್ನೆಲೆ. ಈ 0.9 ಎಂಬುದೇ `backgroundRatio`. ಹಾಗಾಗಿ ಕಾರಿನ ಬಣ್ಣ ಹಿನ್ನೆಲೆಯಾಗಲು ರಸ್ತೆಯನ್ನು ಸೋಲಿಸಬೇಕಿಲ್ಲ. ರಸ್ತೆಯ ತೂಕ 0.9ಕ್ಕಿಂತ ಕೆಳಗೆ ಬಂದರೆ ಸಾಕು. 0.998ನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿದರೆ 53ನೇ ಸಲಕ್ಕೆ 0.9ರ ಕೆಳಗೆ ಇಳಿಯುತ್ತದೆ. 53 ಫ್ರೇಮ್ ಎಂದರೆ 2.1 ಸೆಕೆಂಡು. ನೀವು ಕಣ್ಣಾರೆ ಕಂಡದ್ದೂ ಅದೇ.

ಅಂದಾಜಿಗೆ ಒಂದು ಸೂತ್ರ ಸಾಕು:

```
ಕರಗುವ ಫ್ರೇಮುಗಳು ≈ 0.105 × history      (backgroundRatio 0.9 ಇದ್ದಾಗ)
```

ಕೆಂಪು 90 ಸೆಕೆಂಡು ಇರುತ್ತದೆ ಎಂದಿಟ್ಟುಕೊಳ್ಳಿ, 2250 ಫ್ರೇಮ್. ಅಷ್ಟು ಹೊತ್ತು ಕಾರು ಕರಗದಿರಬೇಕಾದರೆ `history` 21,400ರಷ್ಟು ಬೇಕು. ಹಾಗೆ ಕೊಡಬಹುದು, ಆದರೆ ಹಿನ್ನೆಲೆ ಬಹಳ ಜಡವಾಗುತ್ತದೆ. ಮೋಡ ಮುಸುಕಿದರೆ, ಸೇತುವೆಯ ನೆರಳು ಸರಿದರೆ ಅದನ್ನು ಒಪ್ಪಿಕೊಳ್ಳಲು ಮಾಸ್ಕಿಗೆ ಒಂದೂವರೆ ನಿಮಿಷ ಬೇಕಾಗುತ್ತದೆ. ಅಲ್ಲಿಯವರೆಗೆ ಆ ಭಾಗವೆಲ್ಲ ಬೆಳ್ಳಗೆ.

ಇದಕ್ಕಿಂತ ಒಳ್ಳೆಯದು, ಖರ್ಚಿಲ್ಲದ್ದು: ಗೆರೆಯನ್ನು ವಾಹನ ನಿಲ್ಲದ ಕಡೆಗೆ ಒಯ್ಯಿರಿ. ನಿಲುಗಡೆ ಗೆರೆ, ಜೀಬ್ರಾ ಪಟ್ಟೆ ಎರಡನ್ನೂ ದಾಟಿ ಇನ್ನೊಂದು ಎಂಟು ಹತ್ತು ಮೀಟರ್ ಮುಂದೆ ಇಡಿ. ನಮ್ಮ ಚೌಕಗಳಲ್ಲಿ ಸ್ಕೂಟರುಗಳು ಜೀಬ್ರಾ ಪಟ್ಟೆಯ ಮೇಲೂ ಅದರಾಚೆಗೂ ಬಂದು ನಿಲ್ಲುತ್ತವೆ, ಆದ್ದರಿಂದ ಪಟ್ಟೆಗೆ ಅಂಟಿಸಿ ಗೆರೆ ಎಳೆದರೆ ರೋಗ ಅಲ್ಲೂ ಬರುತ್ತದೆ. ಎರಡು ಕೆಂಪು ಹೊತ್ತುಗಳನ್ನು ಪೂರ್ತಿ ನೋಡಿ, ಅತಿ ಮುಂದೆ ಬಂದು ನಿಂತ ವಾಹನದ ಮೂತಿಗಿಂತ ಮುಂದೆ ಗೆರೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಡ್ಡರಸ್ತೆಯ ವಾಹನಗಳು ಅಲ್ಲಿ ಹಾದುಹೋಗುತ್ತಿದ್ದರೆ ಅವು ಎಣಿಕೆಗೆ ಸೇರದಂತೆ ದಿಕ್ಕನ್ನೂ ನೋಡಬೇಕು. ಮೇಲಿನ ಕೋಡಿನಲ್ಲಿ `prev_y` ಗೆರೆಗಿಂತ ಚಿಕ್ಕದಿರಬೇಕು ಎಂದದ್ದು ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧಕ್ಕೆ ವಾಹನ ಮೊದಲು ಕಾಣಿಸಿಕೊಂಡದ್ದು ನಿಮ್ಮ ರಸ್ತೆಯ ಪಾಲಿನಲ್ಲೇ ಎಂದು ಪರೀಕ್ಷಿಸಿ.

ಗೆರೆ ಸರಿಸಿದ ಮೇಲೂ ಹಿನ್ನೆಲೆ ಚಿತ್ರ ಹಾಲು ಕಲಸಿದಂತೆ ಮಬ್ಬಾಗಿದ್ದರೆ ರೋಗದ ಎರಡನೇ ರೂಪ ಇದೆ. ದಟ್ಟಣೆಯ ಹೊತ್ತಿನಲ್ಲಿ ಗೆರೆಯ ಮೇಲಿನ ರಸ್ತೆ ನೂರರಲ್ಲಿ ಅರವತ್ತು ಪಾಲು ಹೊತ್ತು ಮಾತ್ರ ಕಾಣುತ್ತಿದ್ದರೆ ಅದರ ತೂಕ 0.6ರ ಆಸುಪಾಸಿನಲ್ಲೇ ನಿಲ್ಲುತ್ತದೆ, 0.9ನ್ನು ಎಂದೂ ಮುಟ್ಟುವುದಿಲ್ಲ. ಆಗ ಮತ್ತೆ ಮತ್ತೆ ಕಂಡ ವಾಹನದ ಬಣ್ಣಗಳೂ ಹಿನ್ನೆಲೆಗೆ ಸೇರುತ್ತವೆ. ಬಿಳಿ ಕಾರುಗಳು ಹೆಚ್ಚಿರುವ ರಸ್ತೆಯಲ್ಲಿ ಬಿಳಿ ಕಾರುಗಳೇ ಓಡುತ್ತಿರುವಾಗಲೂ ತೂತಾಗುತ್ತವೆ. ಇದಕ್ಕೆ ಒಂದೇ ಸಾಲು:

```python
mog.setBackgroundRatio(0.5)
```

ಈಗ ಅತಿ ಹೆಚ್ಚು ತೂಕದ ಬಣ್ಣ 0.5 ದಾಟಿದ್ದರೆ ಅದೊಂದೇ ಹಿನ್ನೆಲೆ. ನಿಂತ ಕಾರು ಕರಗುವ ಹೊತ್ತೂ ಇದರಿಂದ ಸುಮಾರು 347 ಫ್ರೇಮಿಗೆ, 14 ಸೆಕೆಂಡಿಗೆ ಏರುತ್ತದೆ. ಗೆರೆಯ ಬಳಿ ಚಿಕ್ಕ ತಡೆಗಳಿಗೆ ಅಷ್ಟು ಸಾಕು. ರಸ್ತೆ ಅರ್ಧ ಹೊತ್ತೂ ಕಾಣದಷ್ಟು ತುಂಬಿದ್ದರೆ ಇದೂ ಸೋಲುತ್ತದೆ.

ಸಾಲಿನ ಉದ್ದ ಅಳೆಯಬೇಕಾದವರಿಗೆ ಗೆರೆ ಸರಿಸುವುದರಿಂದ ಕೆಲಸ ಆಗುವುದಿಲ್ಲ. ಅವರು ನೋಡಬೇಕಾದದ್ದೇ ನಿಂತ ವಾಹನಗಳನ್ನು. ಅದಕ್ಕೆ ಇನ್ನೊಂದು MOG2 ಇಟ್ಟುಕೊಂಡು, ಮೊದಲು ಅದಕ್ಕೆ ಖಾಲಿ ರಸ್ತೆಯನ್ನು ಕಲಿಸಿ, ನಂತರ `apply(frame, learningRate=0)` ಎಂದು ಕಲಿಕೆ ನಿಲ್ಲಿಸಬೇಕು. ಖಾಲಿ ರಸ್ತೆಯನ್ನು ಎಲ್ಲಿಂದ ತರುವುದು ಎಂಬಲ್ಲಿ ಎಚ್ಚರ ಬೇಕು. ಹತ್ತು ನಿಮಿಷದ ಫ್ರೇಮುಗಳ ಮಧ್ಯಾಂಕ ತೆಗೆಯಿರಿ ಎಂಬ ಸಲಹೆ ಹೆದ್ದಾರಿಗೆ ಸರಿ. ಚೌಕದಲ್ಲಿ 150 ಸೆಕೆಂಡಿನ ಸುತ್ತಿನಲ್ಲಿ 90 ಸೆಕೆಂಡು ವಾಹನ ನಿಂತಿದ್ದರೆ ಮಧ್ಯಾಂಕದಲ್ಲಿ ಬರುವುದು ವಾಹನವೇ, ರಸ್ತೆಯಲ್ಲ. ಹಸಿರಿನ ಕೊನೆಯ ಭಾಗದಲ್ಲಿ, ಸಾಲು ಖಾಲಿಯಾದ ಮೇಲೆ ಸಿಗುವ ಫ್ರೇಮುಗಳನ್ನಷ್ಟೇ ಹತ್ತು ಹದಿನೈದು ಸುತ್ತುಗಳಿಂದ ಆರಿಸಿ ಮಧ್ಯಾಂಕ ತೆಗೆಯಿರಿ. ಆ ಚಿತ್ರವನ್ನೇ ಐವತ್ತು ಸಲ `apply` ಮಾಡಿ, ನಂತರ ಕಲಿಕೆ ನಿಲ್ಲಿಸಿ. ಬೆಳಕು ಬದಲಾಗುವುದರಿಂದ ಅರ್ಧ ಗಂಟೆಗೊಮ್ಮೆ ಇದನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಇಲ್ಲೇ ಒಂದು ಬಲೆ. ಮೊದಲ ಫ್ರೇಮಿನಿಂದಲೇ `learningRate`ಗೆ ಬಹಳ ಚಿಕ್ಕ ಸಂಖ್ಯೆ ಕೊಟ್ಟರೆ ಮೊದಲ ಫ್ರೇಮಿನಲ್ಲಿ ನಿಂತಿದ್ದ ವಾಹನಗಳೇ ಹಿನ್ನೆಲೆಯಾಗಿ ಉಳಿದು, ಅವುಗಳ ಭೂತ ವಿಡಿಯೊ ಮುಗಿಯುವವರೆಗೆ ಹೋಗುವುದಿಲ್ಲ. ಚಿಕ್ಕ ಸಂಖ್ಯೆ ಕೊಡುವ ಮೊದಲು ವಾಹನ ಓಡುತ್ತಿರುವ ತುಂಡಿನಲ್ಲಿ ಕೆಲವು ನೂರು ಫ್ರೇಮ್ ತಾನಾಗಿ ಕಲಿಯಲು ಬಿಡಿ.

## ಲಕ್ಷಣ: ಇದ್ದಕ್ಕಿದ್ದಂತೆ ಮಾಸ್ಕ್ ಪೂರ್ತಿ ಬೆಳ್ಳಗಾಗುತ್ತದೆ

ಪ್ರತಿ ಫ್ರೇಮಿನಲ್ಲೂ `cv2.countNonZero(m)`ಅನ್ನು ಒಟ್ಟು ಪಿಕ್ಸೆಲಿನಿಂದ ಭಾಗಿಸಿ ಬರೆದಿಡಿ. ಒಂದೇ ಫ್ರೇಮಿನಲ್ಲಿ ಅದು 0.6 ದಾಟಿದರೆ ವಾಹನ ಬಂದದ್ದಲ್ಲ, ಕ್ಯಾಮೆರಾದಲ್ಲಿ ಏನೋ ಆಗಿದೆ. ದೊಡ್ಡ ಬಿಳಿ ಬಸ್ಸು ಎದುರಿಗೆ ಬಂದಾಗ ಮೊಬೈಲ್ ತಾನೇ ಬೆಳಕು ತಗ್ಗಿಸಿಕೊಂಡರೆ ಹೀಗಾಗುತ್ತದೆ. ಚಿತ್ರೀಕರಣಕ್ಕೆ ಮೊದಲು ಪರದೆಯ ಮೇಲೆ ಒತ್ತಿ ಹಿಡಿದು ಬೆಳಕನ್ನೂ ಫೋಕಸನ್ನೂ ಕಟ್ಟಿಹಾಕಿದರೆ ಮುಗಿಯಿತು. ಎಲ್ಲ ಅಂಚುಗಳಲ್ಲೂ ತೆಳ್ಳಗಿನ ಬಿಳಿ ಗೀಟುಗಳು ಕಂಡರೆ ಕ್ಯಾಮೆರಾ ನಡುಗುತ್ತಿದೆ. ಪಾದಚಾರಿ ಸೇತುವೆ ಜನ ನಡೆದಾಗ ಅದುರುತ್ತದೆ, ಕಂಬದ ಬುಡಕ್ಕೆ ಹತ್ತಿರ ಕಟ್ಟಿದರೆ ಕಡಿಮೆಯಾಗುತ್ತದೆ. ರಾತ್ರಿ ಅಡ್ಡ ಪಟ್ಟೆಗಳು ಉರುಳುತ್ತಿದ್ದರೆ ಅದು ಬೀದಿದೀಪದ ಮಿನುಗು. ನಮ್ಮ ವಿದ್ಯುತ್ 50 ಹರ್ಟ್ಸ್ ಇರುವುದರಿಂದ 30ರ ಬದಲು 25 ಫ್ರೇಮಿನಲ್ಲಿ ಚಿತ್ರೀಕರಿಸಿದರೆ ಪಟ್ಟೆಗಳು ಉರುಳುವುದು ನಿಲ್ಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ರಾತ್ರಿಗಳ ವಿಡಿಯೊಗೆ ಈ ವಿಧಾನವನ್ನು ಬಳಸಬೇಡಿ. ಒದ್ದೆ ಡಾಂಬರಿನ ಮೇಲೆ ಹೆಡ್‌ಲೈಟಿನ ಪ್ರತಿಬಿಂಬ ವಾಹನಕ್ಕಿಂತ ಎಷ್ಟೋ ಮುಂದೆ ಹೋಗಿ ಗೆರೆ ದಾಟುತ್ತದೆ. ಯಾವ ಸಂಖ್ಯೆ ತಿದ್ದಿದರೂ ಅದು ಸರಿಹೋಗುವುದಿಲ್ಲ.

## ಲಕ್ಷಣ: ಕಾರು-ಬಸ್ಸು ಸರಿ, ದ್ವಿಚಕ್ರ ಮಾತ್ರ ಬಹಳ ಕಡಿಮೆ

ಪುಣೆಯ ಚೌಕದಲ್ಲಿ ಹಸಿರು ಬಿದ್ದಾಗ ಮೊದಲು ನುಗ್ಗುವುದು ಸ್ಕೂಟರು, ಬೈಕುಗಳ ಗುಂಪು. ಆ ಗುಂಪು ಮಾಸ್ಕಿನಲ್ಲಿ ಒಂದೇ ಮುದ್ದೆಯಾಗಿ ಬರುತ್ತದೆ. ಮೊದಲು `dilate` ಎಷ್ಟು ಸಲ ಮಾಡುತ್ತಿದ್ದೀರಿ ನೋಡಿ. 5×5 ಕರ್ನಲಿನಿಂದ ಒಂದೊಂದು ಸಲವೂ ಮುದ್ದೆ ಎಲ್ಲ ಕಡೆಗೂ 2 ಪಿಕ್ಸೆಲ್ ಹಿಗ್ಗುತ್ತದೆ. ಮೂರು ಸಲ ಮಾಡಿದರೆ 12 ಪಿಕ್ಸೆಲ್‌ವರೆಗಿನ ಅಂತರ ಮುಚ್ಚಿಹೋಗುತ್ತದೆ. ಮೇಲಿನ ಅಳತೆಯಲ್ಲಿ ಅದು 60 ಸೆಂಟಿಮೀಟರ್. ಸಾಲಿನಲ್ಲಿ ಸ್ಕೂಟರುಗಳ ನಡುವೆ ಇರುವುದೇ ಅಷ್ಟು. ಒಂದು ಸಲಕ್ಕೆ ಇಳಿಸಿ. ನಂತರ ವಿಸ್ತೀರ್ಣದ ಕನಿಷ್ಠ ಮಿತಿ ನೋಡಿ: ಗೆರೆಯ ಬಳಿ ಒಂಟಿ ಸ್ಕೂಟರು ಎಷ್ಟು ಪಿಕ್ಸೆಲ್ ಇದೆಯೆಂದು ಹತ್ತು ಸಲ ಅಳೆದು, ಅತಿ ಚಿಕ್ಕದರ ಮುಕ್ಕಾಲು ಪಾಲನ್ನು ಮಿತಿಯಾಗಿಡಿ. ಚಿತ್ರದ ಬೇರೆ ಕಡೆ ಅಳೆದ ಸಂಖ್ಯೆ ಇಲ್ಲಿಗೆ ಹೊಂದುವುದಿಲ್ಲ, ದೂರ ಹೋದಂತೆ ಎಲ್ಲವೂ ಚಿಕ್ಕದಾಗುತ್ತದೆ.

ಈಗ ಕಣ್ಣಿನ ಪರೀಕ್ಷೆ. ಮೂಲ ವಿಡಿಯೊವನ್ನು ಗುಂಪು ದಾಟುವಲ್ಲಿ ನಿಲ್ಲಿಸಿ, ಸ್ಕೂಟರುಗಳ ನಡುವೆ ರಸ್ತೆ ಕಾಣುತ್ತದೆಯೇ ನೋಡಿ. ಕಾಣುತ್ತಿದ್ದರೆ ಸಂಖ್ಯೆಗಳನ್ನು ತಿದ್ದಿ ಬಿಡಿಸಬಹುದು. ಕಾಣದಿದ್ದರೆ, ಒಬ್ಬ ಸವಾರನ ತಲೆ ಇನ್ನೊಬ್ಬನ ಚಕ್ರವನ್ನು ಮುಚ್ಚಿದ್ದರೆ, ಬಿಡಿಸಲು ಅಲ್ಲಿ ಏನೂ ಇಲ್ಲ. ಇಲ್ಲಿ ನಿಲ್ಲಿಸಿ. ಕ್ಯಾಮೆರಾವನ್ನು ಎತ್ತರಕ್ಕೆ ಒಯ್ದು ಕೆಳಮುಖವಾಗಿ ಇಡಬೇಕು, ಇಲ್ಲವೇ ಹಿನ್ನೆಲೆ ಕಳೆಯುವುದನ್ನು ಬಿಟ್ಟು ವಾಹನಗಳನ್ನೇ ಗುರುತಿಸುವಂತೆ ತರಬೇತಾದ ಮಾದರಿ ಬಳಸಬೇಕು. ಇದನ್ನು ಮಾರ್ಗದರ್ಶಕರಿಗೆ ಬೇಗ ಹೇಳಿದಷ್ಟೂ ಒಳ್ಳೆಯದು.

ಈ ತಪ್ಪನ್ನು ಸಹಿಸಿಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ IRC:106-1990 ಮಾರ್ಗಸೂಚಿಯಲ್ಲಿ ನಗರದ ರಸ್ತೆಯ ಹರಿವನ್ನು ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಕಾರು 1 ಆದರೆ, ಹರಿವಿನಲ್ಲಿ ದೊಡ್ಡ ಪಾಲಿರುವಾಗ ದ್ವಿಚಕ್ರ 0.75. ನಾಲ್ಕು ಸ್ಕೂಟರುಗಳ ಗುಂಪನ್ನು ಪ್ರೋಗ್ರಾಂ ಒಂದು ಕಾರೆಂದು ಬರೆದರೆ 3ರ ಜಾಗದಲ್ಲಿ 1 ಬಂದಂತೆ. ದ್ವಿಚಕ್ರವೇ ಹೆಚ್ಚಿರುವ ಊರಿನಲ್ಲಿ ಅದು ಚಿಕ್ಕ ತಪ್ಪಲ್ಲ. ವರದಿಯಲ್ಲಿ ಒಟ್ಟು ನಿಖರತೆಯ ಜೊತೆಗೆ ದ್ವಿಚಕ್ರದ ನಿಖರತೆಯನ್ನು ಬೇರೆಯಾಗಿಯೇ ಕೊಡಿ.

## ಚಿತ್ರೀಕರಿಸುವಾಗ ಎಚ್ಚರ

ಒಳ್ಳೆಯ ಕೋನ ಸಿಗಲೆಂದು ರಸ್ತೆ ವಿಭಜಕದ ಮೇಲೆ ನಿಲ್ಲಬೇಡಿ, ಸೇತುವೆಯ ಕಂಬಿಯಿಂದ ಹೊರಗೆ ಬಾಗಬೇಡಿ. ಮೊಬೈಲನ್ನು ಹಿಡಿಕೆಗೆ ಸಿಕ್ಕಿಸಿದ ಮೇಲೆ ಬೇರೆ ದಾರದಿಂದ ಕಂಬಿಗೂ ಕಟ್ಟಿ. ಕೆಳಗೆ ಬಿದ್ದರೆ ಬೈಕ್ ಸವಾರನ ತಲೆಗೇ ಬೀಳುತ್ತದೆ. ಮೆಟ್ರೊ ನಿಲ್ದಾಣದ ಒಳಗಿಂದ ಚಿತ್ರೀಕರಿಸುವುದಾದರೆ ನಿಲ್ದಾಣದವರ ಅನುಮತಿ ಬೇಕು. ಸಂಚಾರ ಪೊಲೀಸರ ಕ್ಯಾಮೆರಾದ ವಿಡಿಯೊ ಬೇಕಿದ್ದರೆ ಕಾಲೇಜಿನ ಪತ್ರದೊಂದಿಗೆ ಕೇಳಿ, ಪರಿಚಯದವರ ಮೂಲಕ ನಕಲು ತರಿಸಿಕೊಳ್ಳಬೇಡಿ.

ಮುಖ, ನಂಬರ್ ಪ್ಲೇಟು ಎಣಿಕೆಗೆ ಬೇಕಾಗಿಲ್ಲ. 640 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಪ್ರತಿಯಲ್ಲಿ, ಕ್ಯಾಮೆರಾ ಎತ್ತರದಲ್ಲಿದ್ದರೆ, ಪ್ಲೇಟು ಸಾಮಾನ್ಯವಾಗಿ ಓದಲು ಬರುವುದಿಲ್ಲ. ಆ ಪ್ರತಿಯನ್ನೇ ತಂಡದಲ್ಲಿ ಹಂಚಿಕೊಳ್ಳಿ. ಅದರಲ್ಲೂ ಓದಲು ಬಂದರೆ ಆ ಭಾಗ ಮಸುಕು ಮಾಡಿ, ಕೈಯೆಣಿಕೆ ಮುಗಿದ ಮೇಲೆ ಮೂಲ ಕಡತ ಅಳಿಸಿಬಿಡಿ.